ಟ್ಯಾಲಿ ಪ್ರೈಮ್: ತಾಳೆಪಟ್ಟಿ ಕೂಡದಿದ್ದಾಗ ಎಷ್ಟು ಕೆಲಸಕ್ಕೆ ಬರುತ್ತದೆ? ಬಹುಕಾಲದ ಬಳಕೆಯ ವಿಮರ್ಶೆ

ಕಿರ್ದಿ-ಖತಾವಣಿಯಿಂದ ಟ್ಯಾಲಿಗೆ ಬದಲಾಗುವ ಅಂಗಡಿಗಳ ಲೆಕ್ಕ ಬರೆಯುವವರಿಗಾಗಿ ಈ ವಿಮರ್ಶೆ. ಬಿಲ್ಲಿಂಗ್, ಜಿಎಸ್‌ಟಿ ಇತ್ಯಾದಿಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಇಲ್ಲಿ ಹೇಳುವುದು ತಾಳೆಪಟ್ಟಿಯ ವ್ಯತ್ಯಾಸ ಮತ್ತು ಸಸ್ಪೆನ್ಸ್ ಖಾತೆ, ಇವೆರಡನ್ನು ಮಾತ್ರ.

ಡೆಬಿಟ್ ಮತ್ತು ಕ್ರೆಡಿಟ್ ಸಮ ಇಲ್ಲದ ವೋಚರನ್ನು ಟ್ಯಾಲಿ ಸೇವ್ ಮಾಡುವುದಿಲ್ಲ. ಆದ್ದರಿಂದ ವರ್ಷದ ನಡುವಿನ ವಹಿವಾಟಿನಿಂದ ತಾಳೆಪಟ್ಟಿ ತಪ್ಪುವುದಿಲ್ಲ. ತಪ್ಪಿದರೆ ಅದು ಆರಂಭದ ಶಿಲ್ಕುಗಳಿಂದಲೇ. ಆಗ ತಾಳೆಪಟ್ಟಿಯ ಕೆಳಗೆ `Difference in opening balances` ಎಂಬ ಸಾಲು ತಾನಾಗಿ ಬಂದು ಎರಡೂ ಬದಿಯನ್ನು ಸಮ ಮಾಡಿಬಿಡುತ್ತದೆ. ಹೊಸಬರು ಎಡವುವುದು ಇಲ್ಲೇ. ಮೊತ್ತಗಳು ಕೂಡಿವೆಯೆಂದು ಆ ಸಾಲನ್ನು ಹಾಗೇ ಬಿಡುತ್ತಾರೆ, ಅದು ಆಸ್ತಿ-ಜವಾಬ್ದಾರಿ ಪಟ್ಟಿಗೂ ಹೋಗಿ ಕೂರುತ್ತದೆ. ಅದು ಖಾತೆಯಲ್ಲ, ಬರೀ ಲೆಕ್ಕಾಚಾರದ ಸಾಲು. ಅದರ ಎದುರು ಜರ್ನಲ್ ಬರೆಯಲು ಬರುವುದಿಲ್ಲ. ತಪ್ಪುಗಳನ್ನು ಒಂದೊಂದಾಗಿ ಸರಿಪಡಿಸಿ ಬಾಕಿ ಇಳಿಯುವುದನ್ನು ನೋಡಬೇಕಾದರೆ ನಿಜವಾದ ಸಸ್ಪೆನ್ಸ್ ಖಾತೆಯೇ ಬೇಕು. ಅದಕ್ಕೆಂದೇ `Suspense A/c` ಎಂಬ ಗುಂಪು ಟ್ಯಾಲಿಯಲ್ಲಿ ಮೊದಲೇ ಇದೆ.

ಒಂದು ಲೆಕ್ಕ ಹಾಕಿ ನೋಡೋಣ. ಕೈಬರಹದ ಪುಸ್ತಕಗಳಲ್ಲಿ 2023-24ರ ಲೆಕ್ಕ ಮುಗಿದಿದೆ, 2024ರ ಏಪ್ರಿಲ್ 1ರಿಂದ ಟ್ಯಾಲಿ. ಆರಂಭದ ಶಿಲ್ಕುಗಳನ್ನೆಲ್ಲ ತುಂಬಿದ ಮೇಲೆ ಡೆಬಿಟ್ ₹8,42,350, ಕ್ರೆಡಿಟ್ ₹8,37,490. ಕ್ರೆಡಿಟ್ ಬದಿಯಲ್ಲಿ ₹4,860 ಕಡಿಮೆ.

ಸಸ್ಪೆನ್ಸ್ ತೆರೆಯುವ ಮೊದಲು ಎರಡು ಪರೀಕ್ಷೆ. ಮೊದಲನೆಯದು, ಟ್ಯಾಲಿಗೆ ತುಂಬಿದ ಶಿಲ್ಕುಗಳನ್ನು ಹಳೆಯ ಪುಸ್ತಕದ ಪಟ್ಟಿಯೊಂದಿಗೆ ಒಂದೊಂದಾಗಿ ಟಿಕ್ ಹಾಕುವುದು. ಟೈಪ್ ಮಾಡುವಾಗ ಆದ ತಪ್ಪಾದರೆ ಲೆಡ್ಜರ್ ತೆರೆದು ಆರಂಭದ ಶಿಲ್ಕನ್ನೇ ತಿದ್ದಬೇಕು. ಅದಕ್ಕೆ ಜರ್ನಲ್ ಬೇಡ. ದಾಸ್ತಾನನ್ನು ಲೆಕ್ಕದ ಜೊತೆ ಜೋಡಿಸಿದ್ದರೆ ಆರಂಭದ ದಾಸ್ತಾನಿನ ಬೆಲೆ ಸರಕುಗಳ ಪಟ್ಟಿಯಿಂದಲೇ ಬರುತ್ತದೆ. ಯಾವುದಾದರೂ ಸರಕಿಗೆ ಪ್ರಮಾಣ ಹಾಕಿ ದರ ಬಿಟ್ಟಿದ್ದರೆ ಅದರ ಬೆಲೆ ಸೊನ್ನೆ. ದೊಡ್ಡ ವ್ಯತ್ಯಾಸ ಬಂದರೆ ಮೊದಲು ನೋಡಬೇಕಾದ ಜಾಗ ಇದೇ.

ಎರಡನೆಯದು ಅಂಕಿಯ ಪರೀಕ್ಷೆ. 4,860ರ ಅರ್ಧ 2,430. ಒಂದೇ ಮೊತ್ತ ಕ್ರೆಡಿಟ್‌ಗೆ ಹೋಗಬೇಕಾದದ್ದು ಡೆಬಿಟ್‌ಗೆ ಹೋಗಿದ್ದರೆ ಆ ಮೊತ್ತ 2,430 ಆಗಿರಬೇಕು. ಡೆಬಿಟ್ ಬದಿಯಲ್ಲಿ ಅದನ್ನು ಹುಡುಕಿ. 4,860 ಒಂಬತ್ತರಿಂದಲೂ ಭಾಗವಾಗುತ್ತದೆ: 540. ಒಂಬತ್ತರಿಂದ ಭಾಗವಾದ ಕೂಡಲೇ ಅಂಕಿ ಅದಲುಬದಲಾಗಿದೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಅದು ಅವಸರ. ಅಕ್ಕಪಕ್ಕದ ಎರಡು ಅಂಕಿ ಬದಲಾಗಿದ್ದರೆ ಭಾಗಲಬ್ಧ 5, 50, 500ರಂತೆ ಒಂದೇ ಅಂಕಿ ಮತ್ತು ಸೊನ್ನೆಗಳಾಗಿರಬೇಕು. 540 ಹಾಗಿಲ್ಲ. ಆದರೆ 5,400ನ್ನು 540 ಎಂದು ಸೊನ್ನೆ ಬಿಟ್ಟು ಬರೆದಿದ್ದರೆ ವ್ಯತ್ಯಾಸ ಸರಿಯಾಗಿ 4,860 ಬರುತ್ತದೆ. ಹಾಗಾಗಿ ಕ್ರೆಡಿಟ್ ಬದಿಯಲ್ಲಿ 540 ಎಂಬ ಮೊತ್ತವನ್ನೂ ಹುಡುಕಬೇಕು. ಇವೆರಡೂ ಸಿಗದೆ, 4,860ರ ಒಂದೇ ಮೊತ್ತವೂ ಬಿಟ್ಟುಹೋಗಿಲ್ಲವೆಂದರೆ ತಪ್ಪು ಒಂದಲ್ಲ, ಹಲವು ಇರುವ ಸಾಧ್ಯತೆಯೇ ಹೆಚ್ಚು. ಅಂಕಿಯ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಈಗ `Suspense A/c` ಗುಂಪಿನಡಿ ಒಂದು ಲೆಡ್ಜರ್ ಮಾಡಿ ಆರಂಭದ ಶಿಲ್ಕು ₹4,860 ಕ್ರೆಡಿಟ್ ಕೊಡಿ. ವ್ಯತ್ಯಾಸದ ಸಾಲು ಮಾಯವಾಗುತ್ತದೆ. ಕಡಿಮೆ ಇರುವ ಬದಿಗೇ ಸಸ್ಪೆನ್ಸ್ ಹಾಕಬೇಕು. ಬದಿ ತಪ್ಪಿದರೆ ವ್ಯತ್ಯಾಸ ₹9,720 ಆಗಿ ಎದುರು ನಿಲ್ಲುತ್ತದೆ, ತಪ್ಪು ಆಗಲೇ ತಿಳಿಯುತ್ತದೆ.

ಮುಂದೆ ಗ್ರಾಹಕರಿಂದ, ಸರಬರಾಜುದಾರರಿಂದ ಬಾಕಿ ಖಚಿತಪಡಿಸುವ ಪತ್ರ ತರಿಸಿ. ಕೈಪುಸ್ತಕದ ತಪ್ಪುಗಳು ಹೆಚ್ಚಾಗಿ ಹೊರಬೀಳುವುದು ಇದರಿಂದಲೇ. ನಮ್ಮ ಲೆಕ್ಕದಲ್ಲಿ ಸಿಕ್ಕಿದ್ದು ಮೂರು. ಗ್ರಾಹಕನೊಬ್ಬ ಕೊಟ್ಟ ₹1,200 ಕಿರ್ದಿಯಲ್ಲಿ ಸರಿಯಾಗಿದೆ, ಆದರೆ ಅವನ ಖಾತೆಯಲ್ಲಿ ಡೆಬಿಟ್‌ಗೆ ಬಿದ್ದಿದೆ. ಅವನ ಬಾಕಿ ₹2,400 ಜಾಸ್ತಿ ಕಾಣುತ್ತಿತ್ತು. ಸರಬರಾಜುದಾರನಿಗೆ ಕೊಡಬೇಕಾದ ₹18,640, ಮುಂದಿನ ಪುಟಕ್ಕೆ ಒಯ್ಯುವಾಗ ₹16,840 ಆಗಿದೆ. ಇದು ನಿಜವಾದ ಅದಲುಬದಲು: 1,800ನ್ನು ಒಂಬತ್ತರಿಂದ ಭಾಗಿಸಿದರೆ 200. ಉಳಿದ ₹660, ಕಿರ್ದಿಯ ರಿಯಾಯಿತಿ ಕಾಲಮ್ಮಿನ ಮೊತ್ತ. ಸರಬರಾಜುದಾರರಿಗೆ ಡೆಬಿಟ್ ಹಾಕಿದ್ದಾರೆ, ಬಂದ ರಿಯಾಯಿತಿ ಖಾತೆಗೆ ಕ್ರೆಡಿಟ್ ಹಾಕುವುದು ಬಿಟ್ಟುಹೋಗಿದೆ.

ಹಿಂದಿನ ವರ್ಷದ ಪಟ್ಟಿಗಳು ಮುಗಿದಿರುವುದರಿಂದ ಆರಂಭದ ಶಿಲ್ಕನ್ನು ಮುಟ್ಟದೆ ಈ ವರ್ಷದ ತಾರೀಖಿನಲ್ಲಿ `F7` ಜರ್ನಲ್ ಬರೆಯಬೇಕು:

```
ಸಸ್ಪೆನ್ಸ್ ಖಾತೆ           Dr  4,860
  ಗ್ರಾಹಕನ ಖಾತೆ            Cr  2,400
  ಸರಬರಾಜುದಾರನ ಖಾತೆ       Cr  1,800
  ಹಿಂದಿನ ವರ್ಷದ ಹೊಂದಾಣಿಕೆ   Cr    660
```

ಜಾಗ ಉಳಿಸಲು ಇಲ್ಲಿ ಒಟ್ಟಿಗೆ ತೋರಿಸಿದೆ. ಬರೆಯುವಾಗ ಮೂರು ಬೇರೆ ವೋಚರ್ ಮಾಡಿ, ಪ್ರತಿಯೊಂದರ ವಿವರಣೆಯಲ್ಲಿ ಹಳೆಯ ಪುಸ್ತಕದ ಪುಟ ಸಂಖ್ಯೆ ಹಾಕಿ. ಗ್ರಾಹಕನಿಗೆ ಹಾಕಬೇಕಾದ್ದು ₹1,200 ಅಲ್ಲ, ₹2,400. ತಪ್ಪು ಡೆಬಿಟ್ ಅಳಿಸಲು ಒಂದು ₹1,200, ಸರಿಯಾದ ಕ್ರೆಡಿಟ್ ಕೊಡಲು ಇನ್ನೊಂದು. ಅರ್ಧವನ್ನಷ್ಟೇ ಹಾಕಿದರೆ ಸಸ್ಪೆನ್ಸಿನಲ್ಲಿ ₹1,200 ಉಳಿಯುತ್ತದೆ, ಜನ ಅದನ್ನು ಹೊಸ ತಪ್ಪೆಂದು ತಿಂಗಳುಗಟ್ಟಲೆ ಹುಡುಕುತ್ತಾರೆ. ರಿಯಾಯಿತಿಯ ₹660ನ್ನು ಈ ವರ್ಷದ ರಿಯಾಯಿತಿ ಖಾತೆಗೆ ಸೇರಿಸಬಾರದು. ಅದು ಕಳೆದ ವರ್ಷದ ಲಾಭದ ಪಾಲು, ಬೇರೆ ಹೆಸರಿನಲ್ಲಿ ಆಡಿಟರ್ ಕಣ್ಣಿಗೆ ಬೀಳುವಂತಿರಲಿ. ಬಿಲ್‌ವಾರು ಲೆಕ್ಕ ಇದ್ದರೆ ಗ್ರಾಹಕನ ಸಾಲಿನಲ್ಲಿ `Agst Ref` ಆರಿಸಿ ಹಳೆಯ ಬಿಲ್ಲಿಗೇ ಜೋಡಿಸಿ. `On Account` ಎಂದು ಬಿಟ್ಟರೆ ಒಟ್ಟು ಬಾಕಿ ಸರಿಯಾಗುತ್ತದೆ, ಆದರೆ ಬಾಕಿ ಬಿಲ್ಲುಗಳ ವರದಿಯಲ್ಲಿ ತೀರಿದ ಬಿಲ್ಲು ತೀರದಂತೆಯೇ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಸಸ್ಪೆನ್ಸ್ ತೆರೆದ ಮೇಲೆ ಟೈಪಿಂಗ್ ತಪ್ಪು ಸಿಕ್ಕಿ ಯಾವುದೋ ಪಾರ್ಟಿಯ ಆರಂಭದ ಶಿಲ್ಕನ್ನು ತಿದ್ದಿದರೆ, ಮಾಯವಾಗಿದ್ದ ವ್ಯತ್ಯಾಸದ ಸಾಲು ಮತ್ತೆ ಬರುತ್ತದೆ. ತಿದ್ದಿದಷ್ಟನ್ನೇ ಸಸ್ಪೆನ್ಸಿನ ಆರಂಭದ ಶಿಲ್ಕಿನಲ್ಲೂ ಹೊಂದಿಸಬೇಕು. ಕಂಪನಿ ಕಾಯ್ದೆಯಡಿಯ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ದಾಖಲೆ ಕಡ್ಡಾಯ. ಅಂಥ ಕಡೆ ಈ ಎರಡೂ ಬದಲಾವಣೆಗೆ ಕಾರಣ ಬರೆದಿಟ್ಟುಕೊಳ್ಳಿ.

ಈ ಕೆಲಸಕ್ಕೆ ಟ್ಯಾಲಿಗೆ ಐದಕ್ಕೆ ನಾಲ್ಕು. ಒಂದು ಅಂಕ ಕಡಿಮೆ ಮಾಡಿದ್ದು, ವ್ಯತ್ಯಾಸದ ಸಾಲನ್ನು ಅಷ್ಟು ಸದ್ದಿಲ್ಲದೆ ಕೂಡಿಸಿ ತೋರಿಸುವುದಕ್ಕೆ. ಆದರೆ ಕೂಡಿದ ತಾಳೆಪಟ್ಟಿಯೂ ಎಲ್ಲವನ್ನೂ ಹೇಳುವುದಿಲ್ಲ. ಯಂತ್ರದ ರಿಪೇರಿಯನ್ನು ಯಂತ್ರದ ಖಾತೆಗೇ ಹಾಕಿದ್ದರೆ, ಒಂದು ಬಿಲ್ಲು ಪೂರ್ತಿ ಬಿಟ್ಟುಹೋಗಿದ್ದರೆ ಎರಡೂ ಬದಿ ಸಮವಾಗಿಯೇ ಇರುತ್ತವೆ. ಅವುಗಳ ತಿದ್ದುಪಡಿ ನೇರವಾಗಿ ಸಂಬಂಧಪಟ್ಟ ಖಾತೆಗಳ ನಡುವೆ ಆಗಬೇಕು, ಸಸ್ಪೆನ್ಸ್ ಅಲ್ಲಿ ಬರಕೂಡದು. ಬ್ಯಾಂಕಿಗೆ ಯಾರು ಹಾಕಿದರೆಂದು ಗೊತ್ತಾಗದ ಜಮೆಗಳನ್ನು ಇದೇ ಲೆಡ್ಜರಿಗೆ ತಳ್ಳುವ ಅಭ್ಯಾಸವೂ ಬೇಡ. ಅದಕ್ಕೆ 'ಗುರುತಾಗದ ಜಮೆ' ಎಂದು ಬೇರೆ ಲೆಡ್ಜರ್ ಇಡಿ. ಎರಡೂ ಒಂದೇ ಕಡೆ ಕಲೆತರೆ ಸಸ್ಪೆನ್ಸ್ ಆಕಸ್ಮಿಕವಾಗಿ ಸೊನ್ನೆಯಾದರೂ ಆ ₹4,860 ಸಿಕ್ಕಿತೋ ಇಲ್ಲವೋ ತಿಳಿಯುವ ದಾರಿ ಇರುವುದಿಲ್ಲ.