ಟೊಮೆಟೊ ಬಾಕ್ಸ್ ಚೀಟಿಯ ಸುದ್ದಿ ಸುಳ್ಳು. ಅದನ್ನು ನಂಬಿ ನಾನು ಮಾವನ ಬೆಳೆ ಹಾಳು ಮಾಡಿದೆ

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಬೆಳೆಗಾರರು ದಯವಿಟ್ಟು ಇದನ್ನು ಪೂರ್ತಿ ಓದಿ. 'ಕ್ಯೂಆರ್ ಚೀಟಿ ಇಲ್ಲದ ಟೊಮೆಟೊ ಬಾಕ್ಸ್ ಹರಾಜಿಗೆ ಇಲ್ಲ' ಅಂತ ಒಂದು ಸುದ್ದಿ ಓಡಾಡುತ್ತಿದೆ. ಅದು ಸುದ್ದಿಯೇ ಅಲ್ಲ. ನಗಿಸಲಿಕ್ಕೆ ಅಂತ ಯಾರೋ ಕೂತು ಬರೆದದ್ದು. ನಾನು ನಂಬಿದೆ. ನಂಬಿದ್ದು ಸಾಲದು ಅಂತ ಮಾವನಿಗೂ ಹೇಳಿದೆ.

ಗುರುವಾರ ರಾತ್ರಿ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಅದರ ಫೋಟೊ ಬಂತು, ಕೆಳಗೆ ಲಿಂಕ್ ಕೂಡ ಇತ್ತು. ನಾಳೆಯಿಂದ ಪ್ರತಿ ಬಾಕ್ಸ್‌ಗೂ ಬೆಳೆಗಾರನ ಆಧಾರ್‌ಗೆ ಜೋಡಿಸಿದ ಕ್ಯೂಆರ್ ಚೀಟಿ ಬೇಕು, ಇಲ್ಲದಿದ್ದರೆ ಗೇಟಿನಲ್ಲೇ ಮಾಲು ಜಪ್ತಿ ಅಂತ ಇತ್ತು. ಮೇಲೆ ನಮ್ಮ ಎಪಿಎಂಸಿ ಯಾರ್ಡಿನದೇ ಚಿತ್ರ. ನಾನು ದಿನಾ ನೋಡುವ ಜಾಗ. ಅನುಮಾನ ಎಲ್ಲಿಂದ ಬರಬೇಕು? ಪಹಣಿಗೂ ಆಧಾರ್ ಜೋಡಿಸಿ ಅಂತಾರೆ, ಸಬ್ಸಿಡಿಗೂ ಆಧಾರ್ ಅಂತಾರೆ, ಇದೂ ಒಂದು ಬಂತು ಅಂದುಕೊಂಡೆ.

ಆದರೂ ನಾನು ಕಣ್ಣು ಮುಚ್ಚಿ ನಂಬಲಿಲ್ಲ, ಅದನ್ನು ಹೇಳಲೇಬೇಕು. ಲಿಂಕ್ ಒತ್ತಿ ತಾಣಕ್ಕೆ ಹೋದೆ. ಹತ್ತು ಹದಿನೈದು ನಿಮಿಷ ಅಲ್ಲೇ ಹುಡುಕಾಡಿದೆ. ಲೋಗೊ ಚೆನ್ನಾಗಿತ್ತು. ಹೆಸರು ಪೇಪರಿನ ಹೆಸರಿನ ಹಾಗೇ ಇತ್ತು. ರಾಜ್ಯ, ಕೃಷಿ, ಕ್ರೀಡೆ ಅಂತ ವಿಭಾಗಗಳಿದ್ದವು. ದಿನಾಂಕ ಇತ್ತು, ವರದಿಗಾರನ ಹೆಸರಿತ್ತು. ಅಡ್ರೆಸ್ ಪಕ್ಕದಲ್ಲಿ ಬೀಗದ ಗುರುತೂ ಇತ್ತು. 'ನಮ್ಮ ಬಗ್ಗೆ' ಒತ್ತಿದರೆ 'ರಾಜ್ಯದ ಅತ್ಯಂತ ನಂಬಿಕಸ್ಥ ಸುದ್ದಿ ತಾಣ' ಅಂತ ಬರೆದಿತ್ತು. ಇಷ್ಟೆಲ್ಲ ನೋಡಿ ಸರಿ ಅಂದುಕೊಂಡೆ.

ಮಾವನಿಗೆ ಆಗಲೇ ಫೋನ್ ಮಾಡಿದೆ. ಶುಕ್ರವಾರ ಬೆಳಗ್ಗೆ ಅವರ ತೋಟದಲ್ಲಿ ಕೊಯ್ಲು ಇತ್ತು. ಕೂಲಿಯವರಿಗೆ ಹೇಳಿಯಾಗಿತ್ತು, ಟೆಂಪೊ ಗೊತ್ತು ಮಾಡಿಯಾಗಿತ್ತು. ಸುಮಾರು 120 ಬಾಕ್ಸ್ ಮಾಲು. 'ಮಾವ, ಎರಡು ದಿನ ತಡೀರಿ, ಚೀಟಿ ಎಲ್ಲಿ ಕೊಡ್ತಾರೆ ಅಂತ ವಿಚಾರಿಸ್ತೀನಿ' ಅಂದೆ. 'ನೀನು ಓದಿದವನು, ನೀನು ಹೇಳಿದ ಮೇಲೆ ಆಯ್ತಪ್ಪ' ಅಂದರು. ಆ ಮಾತು ಈಗಲೂ ಚುಚ್ಚುತ್ತದೆ.

ಶನಿವಾರ ಸಂಜೆ ಮಾವನೇ ಫೋನ್ ಮಾಡಿದರು. ಪಕ್ಕದ ತೋಟದವರು ಮಾಲು ಮಾರಿ ಪಟ್ಟಿ ಹಿಡಿದುಕೊಂಡು ಬಂದಿದ್ದರಂತೆ. 15 ಕೆಜಿ ಬಾಕ್ಸ್‌ಗೆ 420 ರೂಪಾಯಿ. ಯಾವ ಚೀಟಿಯನ್ನೂ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಕೂಲಿಯವರು ಬೇರೆ ತೋಟಕ್ಕೆ ಹೋಗಿದ್ದರು, ಸಿಕ್ಕಿದ್ದು ಸೋಮವಾರ. ಬಿಸಿಲಿಗೆ ಹಣ್ಣು ಪೂರ್ತಿ ಕೆಂಪಾಗಿ ಮೆತ್ತಗಾಗಿತ್ತು. 35 ಬಾಕ್ಸ್‌ನಷ್ಟು ತಿಪ್ಪೆಗೆ ಹೋಯಿತು. ಉಳಿದ 85 ಬಾಕ್ಸ್ 260ಕ್ಕೆ ಹೋಯಿತು. 50,400 ಬರಬೇಕಿದ್ದ ಕಡೆ 22,100 ಬಂತು. 28,300 ರೂಪಾಯಿ ನಷ್ಟ, ನನ್ನ ಒಂದು ಫೋನಿನಿಂದ.

ಗುಂಪಿಗೆ ಹಾಕಿದವನನ್ನು ಕೇಳಿದೆ. 'ನನಗೂ ಯಾರೋ ಕಳಿಸಿದ್ರು ಅಣ್ಣ, ಬಂದಿದ್ದನ್ನ ಹಾಕಿದೆ' ಅಂದ. ಅಷ್ಟೇ. ಆಮೇಲೆ ಫೋನ್ ಎತ್ತಲಿಲ್ಲ.

ತಾಣದವರಿಗೆ ಮೇಲ್ ಬರೆದೆ. ಉತ್ತರ ಬಂತು: 'ಸರ್, ನಮ್ಮದು ವಿಡಂಬನೆಯ ತಾಣ. ಲೇಖನ ಪೂರ್ತಿ ಓದಿದ್ದರೆ ಗೊತ್ತಾಗುತ್ತಿತ್ತು.' ಹೋಗಿ ಪೂರ್ತಿ ಓದಿದೆ. ಎರಡು ಪ್ಯಾರಾ ಆದ ಮೇಲೆ ಒಂದು ಜಾಹೀರಾತು, ಅದರ ಕೆಳಗೆ 'ಮುಂದೆ ಓದಿ' ಅಂತ ಒಂದು ಬಟನ್. ನಾನು ಅದನ್ನು ಒತ್ತಿರಲೇ ಇಲ್ಲ. ಒತ್ತಿದರೆ ಮೂರನೇ ಪ್ಯಾರಾದಲ್ಲಿ ಪ್ರತಿ ಹಣ್ಣಿನ ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುತ್ತಾರೆ ಅಂತ ಇದೆ. ನಾಲ್ಕನೆಯದರಲ್ಲಿ ಒಂದೇ ತೊಟ್ಟಿಗೆ ಅಂಟಿಕೊಂಡ ಅವಳಿ ಹಣ್ಣುಗಳು ಬೇರೆ ಬೇರೆ ಅರ್ಜಿ ಹಾಕಬೇಕು ಅಂತ ಇದೆ. ಅದನ್ನು ಓದಿದಾಗ ಮುಖಕ್ಕೆ ಹೊಡೆದ ಹಾಗಾಯಿತು. ಹೊಟ್ಟೆಯೊಳಗೆ ಒಂಥರಾ ಸಂಕಟ. ಸುಳ್ಳು ಅಂತ ಹೇಳುವ ಸಾಲುಗಳೆಲ್ಲ ಬಟನ್‌ನ ಆಚೆ ಇದ್ದವು. ನಿಜದ ಹಾಗೆ ಕಾಣುವ ಸಾಲುಗಳು ಮಾತ್ರ ಫೋಟೊ ಆಗಿ ಊರೂರು ಸುತ್ತುತ್ತಿದ್ದವು.

ಮತ್ತೆ ಬರೆದೆ, ಮೇಲೆ ದೊಡ್ಡದಾಗಿ ವಿಡಂಬನೆ ಅಂತ ಹಾಕಿ ಅಂತ. 'ಪುಟದ ಕೆಳಗೆ ಹಾಕಿದ್ದೇವೆ ಸರ್. ಮೇಲೆ ಹಾಕಿದರೆ ಓದುವ ಮಜಾ ಹೋಗುತ್ತದೆ' ಅಂದರು. ಪುಟದ ಕಟ್ಟಕಡೆಗೆ ಇದೆ, ನಿಜ. ಇಂಗ್ಲಿಷ್‌ನಲ್ಲಿ, ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ. ಮಾವನ ಲೆಕ್ಕ ಬರೆದು ಮೂರನೇ ಮೇಲ್ ಕಳಿಸಿದೆ. 'ನಿಮ್ಮ ನೋವು ಅರ್ಥವಾಗುತ್ತದೆ. ಓದುತ್ತಾ ಇರಿ, ನಗುತ್ತಾ ಇರಿ' ಅಂತ ಬಂತು. ನಗುತ್ತಾ ಇರಿ ಅಂತೆ! ಮಾವನ ತಿಪ್ಪೆ ನೋಡಿ ನಗಬೇಕಾ? ನಾಲ್ಕನೆಯದಕ್ಕೆ ಉತ್ತರವೇ ಇಲ್ಲ.

ಇದನ್ನೆಲ್ಲ ನೋಡಿ ಅಣ್ಣನ ಮಗಳು ಬಂದು ಪಕ್ಕದಲ್ಲಿ ಕೂತಳು. ಡಿಗ್ರಿ ಓದುತ್ತಿದ್ದಾಳೆ. 'ಚಿಕ್ಕಪ್ಪ, ನೀವು ಅವರ ಬಗ್ಗೆ ಅವರನ್ನೇ ಕೇಳಿದ್ರಿ' ಅಂದಳು. ತಾಣದ ಪುಟ ಬಿಟ್ಟು ಹೊಸ ಪುಟ ತೆರೆದು ಗೂಗಲ್‌ನಲ್ಲಿ ಹೀಗೆ ಹಾಕಿದಳು:

```
"ತಾಣದ ಹೆಸರು" -site:example.com
```

example.com ಇರುವ ಕಡೆ ಆ ತಾಣದ ಅಡ್ರೆಸ್ ಹಾಕಬೇಕು. ಮೈನಸ್ ಗುರುತಿಗೂ site ಪದಕ್ಕೂ ನಡುವೆ ಜಾಗ ಬಿಡಬಾರದು. ಹೀಗೆ ಹಾಕಿದರೆ ಅವರದೇ ಪುಟಗಳನ್ನು ಬಿಟ್ಟು, ಅವರ ಬಗ್ಗೆ ಬೇರೆಯವರು ಬರೆದದ್ದು ಬರುತ್ತದೆ. ಎರಡು ನಿಮಿಷ ಆಗಿರಲಿಲ್ಲ, ಎಲ್ಲ ಸಿಕ್ಕಿತು. ತಾಣ ನಡೆಸುವವರ ಸಂದರ್ಶನ ಒಂದು ಪತ್ರಿಕೆಯಲ್ಲಿತ್ತು. ಅದರಲ್ಲಿ ಅವರೇ 'ನಾವು ಹಾಸ್ಯಕ್ಕೆ ಬರೆಯುತ್ತೇವೆ' ಅಂದಿದ್ದರು. ಸುದ್ದಿ ಪರಿಶೀಲಿಸುವ ತಂಡವೊಂದು ಅವರ ಇನ್ನೊಂದು ಬರಹ ವಾಟ್ಸಾಪ್‌ನಲ್ಲಿ ನಿಜದ ಹಾಗೆ ಓಡಾಡಿದ್ದನ್ನು ಬರೆದಿತ್ತು. ನನ್ನ ಹಾಗೇ ಮೋಸಹೋದ ಒಬ್ಬರ ದೂರೂ ಇತ್ತು. ಗುರುವಾರ ರಾತ್ರಿ ನಾನು ಈ ಎರಡು ನಿಮಿಷದ ಕೆಲಸ ಮಾಡಿದ್ದರೆ ಸಾಕಿತ್ತು.

ಬೀಗದ ಗುರುತಿನ ಬಗ್ಗೆಯೂ ಕೇಳಿದೆ. ನನ್ನ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಕದ್ದು ನೋಡಲಾರರು ಅಂತ ಮಾತ್ರ ಅದರ ಅರ್ಥವಂತೆ. ಅಲ್ಲಿ ಬರೆದದ್ದು ನಿಜ ಅಂತ ಅಲ್ಲ. ಲೋಗೊ, ವಿಭಾಗಗಳು, 'ನಮ್ಮ ಬಗ್ಗೆ' ಪುಟ ಎಲ್ಲವನ್ನೂ ಅವರೇ ಮಾಡಿಕೊಳ್ಳುವುದು. ಪೇಪರಿನ ಹಾಗೆ ಕಾಣುವುದೇ ವಿಡಂಬನೆ ತಾಣದ ವೇಷ. ಒಳಗೆ ಎಷ್ಟು ಹೊತ್ತು ಕೂತು ನೋಡಿದರೂ ವೇಷವೇ ಕಾಣುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2017ರಲ್ಲಿ ಬರೆದಿದ್ದಾರೆ, ಅವಳೇ ತೋರಿಸಿದಳು. 10 ಜನ ಇತಿಹಾಸದ ವಿದ್ವಾಂಸರು, 10 ಜನ ಸುದ್ದಿ ಪರಿಶೀಲಕರು, 25 ಜನ ವಿದ್ಯಾರ್ಥಿಗಳು. ಗೊತ್ತಿಲ್ಲದ ತಾಣಗಳನ್ನು ನಂಬಬಹುದಾ ಅಂತ ಹೇಳಬೇಕಿತ್ತು. ವಿದ್ವಾಂಸರು, ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ನನ್ನ ಹಾಗೆ ಪುಟದ ಒಳಗೇ ಕೂತು ಲೋಗೊ, ಹೆಸರು ನೋಡಿ ಮೋಸಹೋದರು. ಪರಿಶೀಲಕರು ಬೇಗನೆ ಪುಟದಿಂದ ಹೊರಗೆ ಬಂದು, ಹೊಸ ಪುಟ ತೆರೆದು ಬೇರೆಯವರು ಏನು ಹೇಳಿದ್ದಾರೆ ಅಂತ ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾಗಿ ಹೇಳಿದವರು ಅವರೇ.

ದೊಡ್ಡ ದೊಡ್ಡವರೂ ಬಿದ್ದಿದ್ದಾರೆ. ಅಮೆರಿಕದಲ್ಲಿ 'ದಿ ಆನಿಯನ್' ಅಂತ ಹಳೆಯ ವಿಡಂಬನೆ ಪತ್ರಿಕೆ ಇದೆ. 2012ರಲ್ಲಿ ಅದು ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಜಗತ್ತಿನಲ್ಲೇ ಅತ್ಯಂತ ಆಕರ್ಷಕ ಗಂಡಸು ಅಂತ ಬರೆದಾಗ, ಚೀನಾದ ಪೀಪಲ್ಸ್ ಡೈಲಿಯ ತಾಣ ಅದನ್ನು ನಿಜ ಅಂತ ತಿಳಿದು 55 ಚಿತ್ರಗಳ ಜೊತೆ ಹಾಕಿತು. ಅದೇ ವರ್ಷ ಇರಾನಿನ ಫಾರ್ಸ್ ಸುದ್ದಿ ಸಂಸ್ಥೆಯೂ ಆನಿಯನ್ ಕಟ್ಟಿದ ಒಂದು ಸಮೀಕ್ಷೆಯನ್ನು ಸುದ್ದಿ ಮಾಡಿ, ಆಮೇಲೆ ಕ್ಷಮೆ ಕೇಳಿತು. ಕ್ಷಮೆಯನ್ನಾದರೂ ಕೇಳಿದರು. ನಮ್ಮವರು ನಗುತ್ತಾ ಇರಿ ಅಂದರು.

ಹುಡುಕುವಾಗ ನಾನು ಮತ್ತೆ ಎಡವಿದ್ದು ಒಂದು ಕಡೆ. ಅದೇ ಚೀಟಿ ಸುದ್ದಿ ಇನ್ನೂ ಮೂರು ಸಣ್ಣ ತಾಣಗಳಲ್ಲಿ ಕಂಡಿತು. 'ನೋಡು, ನಾಲ್ಕು ಕಡೆ ಇದೆ' ಅಂದೆ. ಅವಳು ಸಾಲು ಸಾಲಾಗಿ ಹೋಲಿಸಿ ತೋರಿಸಿದಳು. ಅಕ್ಷರ ತಪ್ಪು ಕೂಡ ಅದೇ. ಒಬ್ಬರದನ್ನು ಮೂವರು ನಕಲು ಮಾಡಿದ್ದಾರೆ ಅಷ್ಟೇ, ಅದು ನಾಲ್ಕು ಸಾಕ್ಷಿ ಅಲ್ಲ. ತಾಣದವರದೇ ಫೇಸ್‌ಬುಕ್ ಪುಟವೂ ಸಾಕ್ಷಿ ಅಲ್ಲ. ಇಡೀ ಜಿಲ್ಲೆಯ ಮಾರುಕಟ್ಟೆಗೆ ಹೊಸ ನಿಯಮ ಬಂದಿದ್ದರೆ ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರಲೇಬೇಕಲ್ವಾ? ಒಂದರಲ್ಲೂ ಇರಲಿಲ್ಲ.

ಇನ್ನೊಂದು. ಬೇರೆಯವರು ಬೈದಿದ್ದಾರೆ ಅಂತ ಮಾತ್ರಕ್ಕೆ ಒಂದು ಪತ್ರಿಕೆ ಸುಳ್ಳು ಆಗುವುದಿಲ್ಲ. ನಿಜವಾದ ಪತ್ರಿಕೆಗಳನ್ನೂ ಜನ ಸಿಟ್ಟಿಗೆ 'ಮಾರಿಕೊಂಡವರು' ಅಂತಾರೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಯಾರು ನಡೆಸುತ್ತಾರೆ, ತಪ್ಪಾದಾಗ ತಿದ್ದುಪಡಿ ಹಾಕುತ್ತಾರಾ, ಹಾಸ್ಯದ ತಾಣ ಅಂತ ಯಾರಾದರೂ ಬರೆದಿದ್ದಾರಾ, ಇಂಥ ಮಾತು ಹುಡುಕಿ. ತಾಣದ ಬಗ್ಗೆ ಹೊರಗೆ ಯಾರೂ ಒಂದು ಸಾಲೂ ಬರೆದಿಲ್ಲ ಅಂದರೆ ಅದನ್ನು ನಂಬಿ ಕೊಯ್ಲು ನಿಲ್ಲಿಸಬೇಡಿ.

ನಿನ್ನೆ ಇದೇ ಫೋಟೊ ಚಿಂತಾಮಣಿ ಕಡೆಯ ಗುಂಪಿನಿಂದ ಮತ್ತೆ ನನಗೇ ಬಂತು. ಈ ಸಲ ಲೋಗೊ ಕತ್ತರಿಸಿದ್ದಾರೆ, ದಿನಾಂಕ ಇಲ್ಲ, ಲಿಂಕೂ ಇಲ್ಲ. ನಿಮಗೂ ಹಾಗೇ ಬಂದರೆ ಅದರ ತಲೆಬರಹವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿ, ಮೊದಲು ಹಾಕಿದ ತಾಣ ಸಿಗಬಹುದು. ಆಮೇಲೆ ಆ ತಾಣದ ಹೆಸರನ್ನು ಮೇಲೆ ಹೇಳಿದ ಹಾಗೆ ಹುಡುಕಿ. ಅಷ್ಟು ಮಾಡಲು ಆಗದಿದ್ದರೆ ನಿಮ್ಮ ಮಾಲು ಹಾಕುವ ಮಂಡಿಗೆ ಒಂದು ಫೋನ್ ಮಾಡಿ. ಟೆಂಪೊ ಮಾತ್ರ ನಿಲ್ಲಿಸಬೇಡಿ.