ಸಿಂಕ್ ಕೆಳಗಿನ ಬಾಗಿಲು: ಏಳು ವರ್ಷ ಬಳಸಿದ ಮೇಲೆ ಪ್ಲೈವುಡ್, ಎಂಡಿಎಫ್ ಬಗ್ಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಮಾಡ್ಯುಲರ್ ಕಿಚನ್ ಹಾಕಿಸಿ ಏಳು ವರ್ಷ ಆಯಿತು. ಒಳಗಿನ ಪೆಟ್ಟಿಗೆಗಳು ಕುದಿಯುವ ನೀರನ್ನು ತಡೆಯುವ ಬಿಡಬ್ಲ್ಯೂಆರ್ ದರ್ಜೆಯ 18 ಎಂಎಂ ಪ್ಲೈವುಡ್, ಬಾಗಿಲುಗಳು ಎಂಡಿಎಫ್, ಎರಡಕ್ಕೂ ಸನ್ಮೈಕಾ. ಬಾಗಿಲಿಗೂ ಪ್ಲೈವುಡ್ಡೇ ಹಾಕಿ ಅಂದಿದ್ದೆ. "ಎಂಡಿಎಫ್ ಫಿನಿಶಿಂಗ್ ಚೆನ್ನಾಗಿ ಬರುತ್ತೆ ಮೇಡಂ, ನಮ್ಮೂರು ಏನು ಮಂಗಳೂರಾ?" ಅಂದರು ಅಂಗಡಿಯವರು. ಗಾಳಿಯ ತೇವದ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ನಮ್ಮ ಅಡುಗೆಮನೆಗೆ ನೀರು ಗಾಳಿಯಿಂದ ಬರಲಿಲ್ಲ, ಬಕೆಟ್ಟಿನಿಂದ ಬಂತು.

ಮೂರನೇ ವರ್ಷ ಸಿಂಕ್ ಕೆಳಗಿನ ಬಾಗಿಲು ಮುಚ್ಚುವಾಗ ಪಕ್ಕದ ಬಾಗಿಲಿಗೆ ಉಜ್ಜತೊಡಗಿತು. ಹಿಂಜ್ ಸಡಿಲವಾಗಿರಬೇಕು ಅಂತ ಎರಡು ಸಲ ಸ್ಕ್ರೂ ಬಿಗಿ ಮಾಡಿಸಿದೆ. ಆಮೇಲೊಂದು ದಿನ ನೆಲ ಒರೆಸುವಾಗ ಬಾಗಿಲಿನ ಕೆಳ ಅಂಚಿಗೆ ಕೈ ತಾಗಿತು. ನೆನೆದ ರಸ್ಕಿನ ಹಾಗೆ ಮೆತ್ತಗಿತ್ತು. ಸ್ಕೇಲ್ ಇಟ್ಟು ನೋಡಿದರೆ 18 ಎಂಎಂ ಇದ್ದದ್ದು ಕೆಳಗಡೆ 22 ಆಗಿದೆ, ಸನ್ಮೈಕಾ ಬಿಟ್ಟುಕೊಂಡಿದೆ. ಕೆಳಗಿಂದ ಕನ್ನಡಿ ಹಿಡಿದಾಗ ಕಾರಣ ಗೊತ್ತಾಯಿತು. ಹಲಗೆಯ ಕತ್ತರಿಸಿದ ಅಂಚನ್ನು ಮುಚ್ಚುವ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡ್, ಮೂರೇ ಕಡೆ ಇತ್ತು. ಕಣ್ಣಿಗೆ ಬೀಳದ ಕೆಳ ಅಂಚನ್ನು ಹಾಗೇ ಬಿಟ್ಟಿದ್ದರು. ನಮ್ಮಮ್ಮ ವಾರಕ್ಕೆ ಎರಡು ದಿನ ನೀರು ಹೊಯ್ದೇ ನೆಲ ತೊಳೆಯುವವರು. ಅದರ ಜೊತೆಗೆ ಪಾತ್ರೆ ತೊಳೆವಾಗ ಗ್ರಾನೈಟ್ ಅಂಚಿನಿಂದ ಇಳಿದ ನೀರು ಬಾಗಿಲ ಮೇಲೆ ಹರಿದು ಬಂದು ನಿಲ್ಲುವುದೂ ಆ ಕೆಳ ಅಂಚಲ್ಲೇ.

ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಬಲವಾಗಿ ಒತ್ತಿದ ಹಲಗೆ. ನೀರು ತಾಕಿದರೆ ಒತ್ತಿಟ್ಟ ನಾರು ಬಿಚ್ಚಿಕೊಳ್ಳುತ್ತೆ, ಒಣಗಿದರೂ ಮತ್ತೆ ಕೂರುವುದಿಲ್ಲ. ನಂಬಿಕೆ ಬಾರದೆ ಎರಡರದ್ದೂ ತುಂಡುಗಳನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿ, ಆಮೇಲೆ ತಾರಸಿಯಲ್ಲಿ ಒಣಗಿಸಿದೆ. ಪ್ಲೈವುಡ್ ಹೆಚ್ಚುಕಮ್ಮಿ ಮೊದಲಿನಂತಾಯಿತು. ಎಂಡಿಎಫ್ ಅಂಚು ಉಬ್ಬಿದ್ದು ಉಬ್ಬಿಯೇ ಉಳಿಯಿತು.

ಹಾಗಂತ ಪ್ಲೈವುಡ್ಡಿಗೆ ಏನೂ ಆಗಲ್ಲ ಅಂತಲ್ಲ. ಐದನೇ ವರ್ಷ ಸಿಂಕಿನ ಬಾಟಲ್ ಟ್ರ್ಯಾಪಿನ ವಾಷರ್ ಹೋಗಿ ಸಣ್ಣಗೆ ಸೋರುತ್ತಿತ್ತು. ಮುಂದೆ ಕಸದ ಡಬ್ಬಿ, ಸೋಪಿನ ಪ್ಯಾಕೆಟ್ಟು ಇದ್ದಿದ್ದರಿಂದ ತಿಂಗಳಾದರೂ ಗೊತ್ತಾಗಲಿಲ್ಲ, ಮುಗ್ಗಲು ವಾಸನೆ ಬಂದ ಮೇಲೇ ನೋಡಿದ್ದು. ಸನ್ಮೈಕಾ ಇದ್ದ ಕಡೆ ಹಲಗೆ ಗಟ್ಟಿಯಾಗಿತ್ತು. ಪೈಪ್ ಇಳಿಸಲು ಕೊರೆದ ತೂತಿನ ಸುತ್ತ ಮಾತ್ರ ಕಪ್ಪಾಗಿ, ಒಂದು ಪದರ ಎದ್ದಿತ್ತು. ಅಲ್ಲೂ ಕತ್ತರಿಸಿದ ಅಂಚು ಬರಿಮೈಯಲ್ಲಿತ್ತು, ನೋಡಿ. ಬಾಗಿಲು ತೆಗೆದಿಟ್ಟು ಹತ್ತು ದಿನ ಟೇಬಲ್ ಫ್ಯಾನ್ ಹಾಕಿ ಒಣಗಿಸಿದೆವು. ಅದೇ ಹಲಗೆ ಇವತ್ತಿಗೂ ಇದೆ.

ರಿಪೇರಿಗೆ ಬಂದ ಆಚಾರ್ರು ಎದ್ದ ಪದರ ಕೆರೆದು, ತೂತಿನ ಒಳ ಅಂಚಿಗೆ ಎಪಾಕ್ಸಿ ಸವರಿದರು. ಅದು ಗಟ್ಟಿಯಾದ ಮೇಲೆ ಪೈಪಿನ ಸುತ್ತ ಸಿಲಿಕೋನ್ ತುಂಬಿದರು. ಒದ್ದೆ ಇರುವಾಗ ಮಾಡಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ ಅಂತ ಮೊದಲ ದಿನ ಬಂದವರು ಮುಟ್ಟದೆ ವಾಪಸ್ ಹೋಗಿದ್ದರು. ನನಗೆ ಹಿಡಿಸಿದ್ದೇ ಅದು. ಪೆಟ್ಟಿಗೆ ತಳಕ್ಕೆ ಅಂಚು ಎತ್ತಿದ ಅಲ್ಯೂಮಿನಿಯಂ ಟ್ರೇ ಇಟ್ಟಿದ್ದೀನಿ. ಇನ್ನೊಮ್ಮೆ ಸೋರಿದರೆ ನೀರು ಮೊದಲು ಅದರಲ್ಲಿ ನಿಂತು ಕಣ್ಣಿಗೆ ಬೀಳುತ್ತೆ.

ಸಿಂಕಿನ ಎರಡು ಬಾಗಿಲನ್ನೂ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡಿಗೆ ಬದಲಾಯಿಸಿದೆ. ಆ ಗುಣಮಟ್ಟಕ್ಕೆ 72 ಗಂಟೆ ಕುದಿಸುವ ಪರೀಕ್ಷೆ ಇದೆ, ಪದರಗಳ ಅಂಟು ಬಿಡಬಾರದು. ಆದರೆ ಅದು ಅಂಟಿನ ಪರೀಕ್ಷೆ, ಮುಚ್ಚದ ಅಂಚನ್ನು ದಿನಾ ನೆನೆಸಬಹುದು ಅಂತಲ್ಲ. ಈ ಸಲ ನಾಲ್ಕೂ ಕಡೆ ಎಡ್ಜ್ ಬ್ಯಾಂಡ್ ಹಾಕಿಸಿ, ಹಿಂಜ್ ಕೂರುವ ಗುಂಡನೆ ಗುಂಡಿಗೂ ವಾರ್ನಿಷ್ ಬಳಿಸಿದೆ. ಬಾಗಿಲು ಕೂರಿಸುವ ಮುಂಚೆ ಕೆಳ ಅಂಚನ್ನು ನಾನೇ ತಿರುಗಿಸಿ ನೋಡಿದೆ. ಆಚಾರ್ರು ನಕ್ಕರು.

ಮೇಲಿನ ಕಪಾಟುಗಳ ಎಂಡಿಎಫ್ ಬಾಗಿಲು ಮಾತ್ರ ಈಗಲೂ ಹೊಸದರ ಹಾಗೇ ಇವೆ, ಬದಲಾಯಿಸುವ ಯೋಚನೆಯೂ ಇಲ್ಲ. ಉದ್ದನೆಯ ಬಾಗಿಲಿಗೂ ನಾನು ಎಂಡಿಎಫ್ಫನ್ನೇ ಹೇಳೋದು. ನಮ್ಮ ತಂಗಿ ಮಂಡ್ಯದ ಮನೆಯಲ್ಲಿ ಹಟ ಹಿಡಿದು ದಿನಸಿ ಕಪಾಟಿನ ಏಳಡಿ ಬಾಗಿಲಿಗೆ ಪ್ಲೈವುಡ್ ಹಾಕಿಸಿದಳು. ಹೊರಗೆ ಮಾತ್ರ ಸನ್ಮೈಕಾ, ಒಳಗೆ ಬರೀ ಪೇಂಟು. ಎರಡೂ ಮೈ ಒಂದೇ ಸಮ ತೇವ ಎಳೆಯದೆ, ವರ್ಷದೊಳಗೆ ಬಾಗಿಲು ಬಿಲ್ಲಿನ ಹಾಗೆ ಬಾಗಿತು. ಈಗ ಅದು ಮುಚ್ಚಿಕೊಳ್ಳಲಿ ಅಂತ ಕೆಳಗೊಂದು ಮ್ಯಾಗ್ನೆಟ್ ಹಾಕಿಸಿಕೊಂಡಿದ್ದಾಳೆ.