ಹೊರಗಿನ ಸೆನ್ಸರ್ ಕೇಬಲ್‌ಗೆ ಸಿಡಿಲಿನ ರಕ್ಷಣೆ: ನಾಲ್ಕು ಥರ ಹಾಕಿ ನೋಡಿದ್ದು

ಕಂಬದ ಮೇಲೆ ಗಾಳಿ, ಮಳೆ, ಉಷ್ಣಾಂಶ ಅಳೆಯೋ ಸೆನ್ಸರ್ ಇದೆ. ಅಲ್ಲಿಂದ ಕಂಟ್ರೋಲರ್ ಇರೋ ರೂಮಿಗೆ ಸುಮಾರು 140 ಮೀಟರ್ ಶೀಲ್ಡ್ ಇರೋ ಕೇಬಲ್, ಎ ಬಿ ಅನ್ನೋ ಎರಡು ತಂತಿ ಮೇಲೆ ಡೇಟಾ ಕಳಿಸೋ ಆರ್‌ಎಸ್-485, 9600 ಸ್ಪೀಡು, ಅದೇ ಕೇಬಲ್ಲಲ್ಲೇ 24 ವೋಲ್ಟ್ ಸಪ್ಲೈನೂ ಸೆನ್ಸರ್‌ಗೆ ಹೋಗುತ್ತೆ. ಪ್ರತಿ ಸಲ ಗುಡುಗು ಸಿಡಿಲಿನ ಮಳೆ ಬಂದು ಹೋದ್ಮೇಲೆ ರೀಡಿಂಗ್ ನಿಂತಿರೋದು, ಬಿಚ್ಚಿ ನೋಡಿದ್ರೆ ಆರ್‌ಎಸ್-485 ಚಿಪ್ ಸತ್ತಿರೋದು. ಅದಕ್ಕೇ ಒಂದಾದ ಮೇಲೊಂದು ನಾಲ್ಕು ಥರದ ರಕ್ಷಣೆ ಹಾಕಿ ನೋಡಿದೆ, ಯಾವುದು ಎಲ್ಲಿ ತನಕ ತಡೀತು ಅಂತ ಬರೀತಿದೀನಿ.

ಮೊದಲು ಒಂದು ವಿಷಯ. ಕೇಬಲ್ ಮೇಲೇ ಸಿಡಿಲು ಬೀಳಬೇಕು ಅಂತೇನಿಲ್ಲ, ಒಂದಿಷ್ಟು ದೂರದಲ್ಲಿ ಬಿದ್ರೂ ಸಾಕು. ಸಿಡಿಲಿನ ಕರೆಂಟು ನೆಲಕ್ಕೆ ಇಳಿದಾಗ ಆ ಜಾಗದ ಮಣ್ಣಿನ ವೋಲ್ಟೇಜೇ ಮೇಲೇರುತ್ತೆ, ಕಂಬದ ಬುಡದ ನೆಲಕ್ಕೂ ರೂಮಿನ ಅರ್ಥಿಂಗ್‌ಗೂ ಮಧ್ಯೆ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದುಬಿಡುತ್ತೆ, ಆ ಎರಡನ್ನೂ ಸೇರಿಸಿರೋದು ನಮ್ಮ ಸಣ್ಣ ಕೇಬಲ್ ಒಂದೇ. ಆರ್‌ಎಸ್-485 ಸ್ಟ್ಯಾಂಡರ್ಡ್ ಪ್ರಕಾರ ಚಿಪ್ ಕೆಲಸ ಮಾಡಬೇಕಾದ ಮಿತಿ ಅದರ ಗ್ರೌಂಡ್‌ಗೆ ಹೋಲಿಸಿದ್ರೆ ಮೈನಸ್ 7ರಿಂದ ಪ್ಲಸ್ 12 ವೋಲ್ಟ್. ಅದನ್ನ ದಾಟಿ ಸ್ವಲ್ಪ ತಡ್ಕೋಬಹುದು, ಸಾವಿರ ವೋಲ್ಟ್ ಅಂತೂ ಆಗಲ್ಲ.

ಮೊದಲನೇದಾಗಿ ಹಾಕಿದ್ದು ಟಿವಿಎಸ್ ಡಯೋಡ್ ಒಂದೇ, ವೋಲ್ಟೇಜು ಮಿತಿ ಮೀರಿದ್ರೆ ಕರೆಂಟನ್ನ ಗ್ರೌಂಡಿಗೆ ತಿರುಗಿಸೋ ಡಯೋಡ್ ಅದು. ಎಸ್‌ಎಂ712 ಅಂತ ಬರುತ್ತೆ, ಆ ಮೈನಸ್ 7 ಪ್ಲಸ್ 12 ಲೆಕ್ಕಕ್ಕೇ ಮಾಡಿರೋದು, ಬೋರ್ಡ್ ಮೇಲೆ ಚಿಪ್ ಪಕ್ಕದಲ್ಲೇ ಕೂರುತ್ತೆ, ತುಂಬಾ ವೇಗವಾಗಿ ಕೆಲಸ ಮಾಡುತ್ತೆ. ಆದ್ರೆ ಅದು ತಡೆಯೋ ಸರ್ಜ್ ಕರೆಂಟು, ಅಂದ್ರೆ ಒಂದು ಕ್ಷಣ ಉಕ್ಕಿ ಬರೋ ಕರೆಂಟು, ಇಪ್ಪತ್ತು ಆಂಪ್ ಒಳಗೆ ಅಷ್ಟೇ. ರೂಮಿನ ಒಳಗಿನ ಕೇಬಲ್‌ಗೆ, ಕೈ ತಾಗಿ ಬರೋ ಸ್ಟ್ಯಾಟಿಕ್‌ಗೆ, ಪಕ್ಕದ ಮೋಟರ್ ಆನ್ ಆಫ್ ಆದಾಗ ಬರೋ ತೊಂದರೆಗೆ ಇದು ಚೆನ್ನಾಗೇ ಇದೆ. ಹೊರಗಿನ 140 ಮೀಟರ್‌ಗೆ ಸಾಲಲ್ಲ. ಮೊದಲ ಜೋರು ಮಳೆಗೇ ಹೋಯ್ತು. ಒಂದು ಸಮಾಧಾನ ಅಂದ್ರೆ ಅದು ಸಾಮಾನ್ಯವಾಗಿ ಶಾರ್ಟ್ ಆಗಿ ಸಾಯುತ್ತೆ, ಚಿಪ್ ಎಷ್ಟೋ ಸಲ ಉಳ್ಕೊಳುತ್ತೆ, ಡಯೋಡ್ ಕಿತ್ತು ಹೊಸದು ಬೆಸುಗೆ ಹಾಕಿದ್ರೆ ಮತ್ತೆ ರೀಡಿಂಗ್ ಬರುತ್ತೆ.

ಎರಡನೇದು ಎರಡು ಹಂತದ ಸರ್ಕ್ಯೂಟ್, ನಾನೇ ಬೋರ್ಡ್ ಮಾಡಿ ಎರಡೂ ತುದಿಗೆ ಹಾಕಿದ್ದೆ. ಕೇಬಲ್ ಬರೋ ಕಡೆ ಮೂರು ಕಾಲಿನ ಗ್ಯಾಸ್ ಟ್ಯೂಬ್, ವೋಲ್ಟೇಜು ಏರಿದ್ರೆ ಒಳಗೆ ಕಿಡಿ ಹೊತ್ಕೊಂಡು ಕರೆಂಟನ್ನ ಅರ್ಥಿಂಗ್‌ಗೆ ಇಳಿಸೋದು, 90 ವೋಲ್ಟಿಂದು, ಆಮೇಲೆ ಎರಡೂ ತಂತಿಗೆ ತಲಾ 10 ಓಂ ರೆಸಿಸ್ಟರ್, ಆಮೇಲೆ ಚಿಪ್ ಕಡೆ ಅದೇ ಎಸ್‌ಎಂ712. ಗ್ಯಾಸ್ ಟ್ಯೂಬ್ ಸಾವಿರಗಟ್ಟಲೆ ಆಂಪ್ ಹೊರುತ್ತೆ, ಆದ್ರೆ ನಿಧಾನ. 90 ವೋಲ್ಟ್ ಅಂತ ಬರೆದಿರೋದು ವೋಲ್ಟೇಜು ಮೆಲ್ಲಗೆ ಏರಿದಾಗಿನ ಮಾತು, ಸರ್ಜ್ ಥರ ಜೋರಾಗಿ ಏರಿದ್ರೆ ಅದು ಹೊತ್ಕೊಳ್ಳೋ ಹೊತ್ತಿಗೆ 500–600 ವೋಲ್ಟ್ ಆಗಿರುತ್ತೆ. ಆ ಒಂದು ಮೈಕ್ರೊಸೆಕೆಂಡಿನಷ್ಟು ಹೊತ್ತು ಟಿವಿಎಸ್ ನೋಡ್ಕೊಳ್ಳುತ್ತೆ, ಮಧ್ಯದ ರೆಸಿಸ್ಟರ್ ಅದರ ಮೇಲಿನ ಕರೆಂಟನ್ನ ಹಿಡಿದಿಡುತ್ತೆ, ಅಷ್ಟರಲ್ಲಿ ಟ್ಯೂಬ್ ಹೊತ್ಕೊಂಡು ಪೂರ್ತಿ ಭಾರ ತಾನು ತಗೊಳುತ್ತೆ. ರೆಸಿಸ್ಟರ್ ಪಲ್ಸ್ ತಡೆಯೋ ಜಾತಿಯದೇ ಆಗಬೇಕು, ಮಾಮೂಲಿ ಸಣ್ಣ ಚಿಪ್ ರೆಸಿಸ್ಟರ್ ಹಾಕಿದ್ರೆ ಅದೇ ಸೀಳಿ ಓಪನ್ ಆಗುತ್ತೆ. ಮೂರು ಕಾಲಿಂದೇ ಯಾಕೆ ಅಂದ್ರೆ ಎರಡು ಬೇರೆ ಬೇರೆ ಟ್ಯೂಬ್ ಹಾಕಿದ್ರೆ ಒಂದು ಮೊದಲು ಹೊತ್ಕೊಂಡು ಇನ್ನೊಂದು ತಡ ಮಾಡುತ್ತೆ, ಆ ಗ್ಯಾಪಲ್ಲಿ ಎ ಮತ್ತು ಬಿ ತಂತಿ ಮಧ್ಯೆ ನೂರಾರು ವೋಲ್ಟ್ ನಿಲ್ಲುತ್ತೆ.

24 ವೋಲ್ಟ್ ಸಪ್ಲೈ ತಂತಿಗೂ ರಕ್ಷಣೆ ಬೇಕು, ಬಹಳ ಜನ ಡೇಟಾ ತಂತಿಗೆ ಮಾತ್ರ ಹಾಕಿ ಇದನ್ನ ಬಿಟ್ಟುಬಿಡ್ತಾರೆ. ಆದ್ರೆ ಇಲ್ಲಿ ಗ್ಯಾಸ್ ಟ್ಯೂಬನ್ನ ಪ್ಲಸ್ ಮೈನಸ್ ಮಧ್ಯೆ ನೇರವಾಗಿ ಹಾಕಬೇಡಿ, ಒಂದ್ಸಲ ಹೊತ್ಕೊಂಡ್ರೆ ಅದರ ಒಳಗಿನ ಕಿಡಿ ಉಳಿಯೋಕೆ 10–20 ವೋಲ್ಟ್ ಸಾಕು, ಸಪ್ಲೈ ಸಾಕಷ್ಟು ಕರೆಂಟ್ ಕೊಡ್ತಿದ್ರೆ ಸರ್ಜ್ ಮುಗಿದ್ಮೇಲೂ ಆರೋದೇ ಇಲ್ಲ. ನಾನು ಅಲ್ಲಿ ಫ್ಯೂಸ್ ಆದ್ಮೇಲೆ ದೊಡ್ಡ ಟಿವಿಎಸ್ ಹಾಕಿದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ಮಾಡಿದ್ರೂ ಮೊದಲ ಮಳೆಗಾಲದಲ್ಲೇ ಕಂಟ್ರೋಲರ್ ಕಡೆಯ ಚಿಪ್ ಸತ್ತಿತ್ತು, ನನ್ನ ಬೋರ್ಡ್ ಮಾತ್ರ ನೆಟ್ಟಗಿತ್ತು! ಟ್ಯೂಬ್ ಚೆನ್ನಾಗಿದೆ, ಟಿವಿಎಸ್ ಚೆನ್ನಾಗಿದೆ, ಕಾಪಾಡಬೇಕಾದ ಚಿಪ್ ಸುಟ್ಟಿದೆ. ಎರಡು ದಿನ ತಲೆ ಕೆಡಿಸ್ಕೊಂಡೆ. ತಪ್ಪು ಅರ್ಥಿಂಗಲ್ಲಿತ್ತು. "ಕ್ಲೀನ್ ಅರ್ಥ್" ಇರಲಿ ಅಂತ ರಕ್ಷಣೆ ಬೋರ್ಡಿಗೆ ಗೋಡೆ ಹೊರಗೆ ಬೇರೆ ರಾಡ್ ಹೊಡೆದಿದ್ದೆ, ಕಂಟ್ರೋಲರ್ ಮಾತ್ರ ರೂಮಿನ ಕರೆಂಟಿನ ಅರ್ಥಿಂಗ್ ಮೇಲೆ ಕೂತಿತ್ತು. ಹೊಸ ರಾಡ್ ಅಳೆದಾಗ 18 ಓಂ ಬಂದಿತ್ತು. ಅದರಲ್ಲಿ ಬರೀ ಒಂದು ಸಾವಿರ ಆಂಪ್ ಇಳಿದ್ರೂ ಆ ರಾಡ್ 18 ಸಾವಿರ ವೋಲ್ಟಿಗೆ ಏರುತ್ತೆ, ಅದರ ಜೊತೆ ನನ್ನ ಬೋರ್ಡೂ ಏರುತ್ತೆ, ಅದು ಹಿಡಿದಿಟ್ಟಿರೋ ಎ ಬಿ ತಂತಿನೂ ಏರುತ್ತೆ, ಕಂಟ್ರೋಲರ್ ಗ್ರೌಂಡ್ ಮಾತ್ರ ಹಳೇ ಜಾಗದಲ್ಲೇ ಇರುತ್ತೆ. ಅಷ್ಟೂ ವ್ಯತ್ಯಾಸ ಚಿಪ್ ಮೇಲೇ ಬೀಳೋದು. ರಾಡನ್ನ 18ರಿಂದ 5 ಓಂಗೆ ಇಳಿಸಿದ್ರೂ 5 ಸಾವಿರ ವೋಲ್ಟ್ ಉಳಿಯುತ್ತೆ, ಹಂಗಾಗಿ ಉಪ್ಪು ಇದ್ದಿಲು ಹಾಕ್ತಾ ಕೂತ್ಕೊಂಡ್ರೆ ಇದು ಬಗೆಹರಿಯೋ ವಿಷಯ ಅಲ್ಲ.

ಸರಿ ಮಾಡಿದ್ದು ಹೀಗೆ. ಹೊಸ ರಾಡನ್ನ 16 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ರೂಮಿನ ಮುಖ್ಯ ಅರ್ಥ್ ಬಾರ್‌ಗೆ ಸೇರಿಸಿದೆ. ಪ್ಯಾನೆಲ್ ಒಳಗೆ ಒಂದು ತಾಮ್ರದ ಪಟ್ಟಿ ಹಾಕಿ ರಕ್ಷಣೆ ಬೋರ್ಡಿನ ಅರ್ಥ್, ಕಂಟ್ರೋಲರ್ ಗ್ರೌಂಡ್, ಕೇಬಲ್ ಶೀಲ್ಡ್, ಕರೆಂಟ್ ಲೈನಿನ ಸರ್ಜ್ ಪ್ರೊಟೆಕ್ಟರಿನ ಅರ್ಥ್ ಎಲ್ಲಾ ಅದೇ ಪಟ್ಟಿಗೆ ತಂದೆ, ಪಟ್ಟಿಯಿಂದ ಮುಖ್ಯ ಬಾರ್‌ಗೆ ಒಂದೇ ದಪ್ಪ ತಂತಿ. ಈಗ ಏರಿದ್ರೆ ಎಲ್ಲಾ ಒಟ್ಟಿಗೆ ಏರುತ್ತೆ, ಚಿಪ್‌ಗೆ ವ್ಯತ್ಯಾಸವೇ ಕಾಣ್ಸಲ್ಲ. ಬೋರ್ಡಿಂದ ಪಟ್ಟಿಗೆ ಹೋಗೋ ತಂತಿ ಎಷ್ಟು ಗಿಡ್ಡ ಇದ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಸರ್ಜ್ ಕಣ್ಣಿಗೆ ನೆಟ್ಟಗಿರೋ ತಂತಿನೂ ಕಾಯಿಲ್ಲೇ, ಮೀಟರ್‌ಗೆ ಸುಮಾರು 1 ಮೈಕ್ರೊಹೆನ್ರಿ. 8 ಮೈಕ್ರೊಸೆಕೆಂಡಲ್ಲಿ 1000 ಆಂಪ್‌ಗೆ ಏರೋ ಸರ್ಜ್ ತಗೊಂಡ್ರೆ:

```
V = L × di/dt
  = 1 µH × (1000 A / 8 µs) = 125 V
```

ಇದು ಒಂದು ಮೀಟರ್ ತಂತಿಗೆ. ತಂತಿ ದಪ್ಪ ಮಾಡಿದ್ರೆ ಇದು ಅಷ್ಟೇನೂ ಕಮ್ಮಿ ಆಗಲ್ಲ, ಉದ್ದ ಕಮ್ಮಿ ಮಾಡಿದ್ರೆ ಮಾತ್ರ ಆಗುತ್ತೆ. ನಾನು ಒಂದು ಗೇಣಿಗಿಂತ ಗಿಡ್ಡ ಇಟ್ಟೆ, ಸುತ್ತಿ ಇಡಲಿಲ್ಲ. ಕಂಬದ ತುದಿಯಲ್ಲೂ ಇದೇ ರೀತಿ, ಬೋರ್ಡಿನ ಅರ್ಥು ಕಂಬಕ್ಕೆ, ಕಂಬ ಬುಡದ ರಾಡಿಗೆ, ಶೀಲ್ಡೂ ಅಲ್ಲೇ. ಶೀಲ್ಡ್ ಒಂದು ತುದಿಗೆ ಮಾತ್ರ ಅರ್ಥ್ ಮಾಡಿ ಅನ್ನೋ ಮಾತು ಗುಂಯ್‌ಗುಡೋ ನಾಯ್ಸ್ ತಪ್ಪಿಸೋಕೆ ಸರಿ, ಸಿಡಿಲಿಗೆ ಎರಡೂ ತುದಿ ಸೇರಿರಬೇಕು. ನಾಯ್ಸ್ ಕಾಟ ಜಾಸ್ತಿ ಇದ್ರೆ ಒಂದು ತುದಿಯನ್ನ ಗ್ಯಾಸ್ ಟ್ಯೂಬ್ ಮೂಲಕ ಸೇರಿಸಬಹುದು. ಅದೇ ಬೋರ್ಡು, ಅದೇ ಕೇಬಲ್ಲು, ಅರ್ಥಿಂಗ್ ಮಾತ್ರ ಬದಲು. ಆಮೇಲೆ ಎರಡು ಮಳೆಗಾಲ ಒಂದು ಚಿಪ್ಪೂ ಹೋಗಲಿಲ್ಲ.

ಮೂರನೇದು ರೆಡಿ ಸಿಗೋ ಡಿನ್ ರೈಲ್ ಸರ್ಜ್ ಪ್ರೊಟೆಕ್ಟರ್, ಇನ್ನೊಂದು ಕಂಬದ ಲೈನಿಗೆ ಹಾಕಿದ್ದೆ. ಒಳಗೆ ಇರೋದು ಹೆಚ್ಚುಕಮ್ಮಿ ನಾನು ಮಾಡಿದ ಸರ್ಕ್ಯೂಟೇ, ಆದ್ರೆ ಕೆಟ್ಟ ಪ್ಲಗ್ ಕಿತ್ತು ಹೊಸದು ಚುಚ್ಚಬಹುದು, ಬೆಸುಗೆ ಕೆಲಸ ಇಲ್ಲ, ಕೆಪಾಸಿಟಿ ಬರೆದಿರ್ತಾರೆ. ಎರಡು ಕಡೆ ಎಡವಬಹುದು. ಇದರ ಅರ್ಥು ಕಾಲಿನ ಕ್ಲಿಪ್ ಮೂಲಕ ರೈಲಿಗೇ ಹೋಗುತ್ತೆ, ನನ್ನ ಪ್ಯಾನೆಲಲ್ಲಿ ರೈಲನ್ನ ಪೇಂಟ್ ಹೊಡೆದ ತಗಡಿಗೆ ಸ್ಕ್ರೂ ಮಾಡಿದ್ರು, ಮೀಟರ್ ಹಿಡಿದ್ರೆ ರೈಲಿಂದ ಅರ್ಥ್ ಪಟ್ಟಿಗೆ ಏನೂ ಇಲ್ಲ, ಪೂರ್ತಿ ಓಪನ್. ಪೇಂಟ್ ಕೆರೆದು ರೈಲಿಗೇ ಬೇರೆ ತಂತಿ ಬಿಗಿದ ಮೇಲೆ 0.1 ಓಂ ಬಂತು. ಇನ್ನೊಂದು, ಕೇಬಲ್ ಬರೋ ಬದಿ ಯಾವುದು ಉಪಕರಣದ ಬದಿ ಯಾವುದು ಅಂತ ಮೇಲೆ ಗುರುತು ಇರುತ್ತೆ, ತಿರುಗಿಸಿ ಹಾಕಿದ್ರೆ ಸರ್ಜ್ ಮೊದಲು ಟಿವಿಎಸ್‌ಗೇ ಹೊಡೆಯುತ್ತೆ. ಹೊರಗಿಂದ ಬರೋ ತಂತಿನೂ ರಕ್ಷಣೆ ಆಗಿ ಹೊರಟ ತಂತಿನೂ ಒಂದೇ ಡಕ್ಟಲ್ಲಿ ಜೊತೆಗೆ ಎಳೆಯಬೇಡಿ, ಪಕ್ಕದಿಂದಲೇ ಹಾರಿ ಬರುತ್ತೆ.

ನಾಲ್ಕನೇದು ಐಸೊಲೇಟೆಡ್ ಆರ್‌ಎಸ್-485 ಮಾಡ್ಯೂಲ್, ಅಂದ್ರೆ ಕೇಬಲ್ ಕಡೆಗೂ ಕಂಟ್ರೋಲರ್ ಕಡೆಗೂ ಮಧ್ಯೆ ನೇರ ಕರೆಂಟಿನ ಸಂಪರ್ಕ ಇಲ್ಲದ್ದು, ಬೇರೆ ರಕ್ಷಣೆ ಏನೂ ಇಲ್ಲದೆ. ಮೊದಮೊದಲು ಬಹಳ ಖುಷಿ ಕೊಡ್ತು, ಗ್ರೌಂಡ್ ವ್ಯತ್ಯಾಸದಿಂದ ಆಗಾಗ ಬರ್ತಿದ್ದ ತಪ್ಪು ರೀಡಿಂಗೂ ನಿಂತ್ಹೋಯ್ತು. ಆದ್ರೆ ಇದು ಸರ್ಜನ್ನ ಎಲ್ಲಿಗೂ ಕಳಿಸಲ್ಲ, ಅಡ್ಡ ನಿಲ್ಲುತ್ತೆ ಅಷ್ಟೇ. ಎರಡು ಮೂರು ಸಾವಿರ ವೋಲ್ಟ್ ತನಕ ನಿಲ್ಲುತ್ತೆ, ಅದು ಮೀರಿದ್ರೆ ಎಲ್ಲಿ ದಾರಿ ಸಿಗುತ್ತೋ ಅಲ್ಲಿ ಹಾರುತ್ತೆ. ಮಳೆಗಾಲದ ಕೊನೇಲಿ ಬಿಚ್ಚಿದಾಗ ಎರಡು ಗ್ರೌಂಡ್ ಮಧ್ಯದ ಖಾಲಿ ಜಾಗದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ, ಉಗುರಲ್ಲಿ ಕೆರೆದ್ರೆ ಮಸಿ ಬರ್ತಿತ್ತು. ಒಂದ್ಸಲ ಆ ಗೆರೆ ಬಿದ್ರೆ ಮುಂದಿನ ಸಲ ಅದೇ ಸುಲಭದ ದಾರಿ, ಬೋರ್ಡ್ ಬದಲಾಯಿಸಲೇಬೇಕು. ಈಗ ಇದರ ಮುಂದೆ ಎರಡು ಹಂತದ ಬೋರ್ಡ್ ಹಾಕಿದೀನಿ. ಮೊದಲ ಲೈನಲ್ಲಿ ಈಗ ಇರೋದು ಈ ಜೋಡಿನೇ, ಯಾರಾದ್ರೂ ಕೇಳಿದ್ರೆ ನಾನು ಹೇಳೋದೂ ಇದನ್ನೇ, ಐಸೊಲೇಶನ್ ಹಾಕೋಕೆ ಆಗ್ದೇ ಇದ್ರೆ ಸರಿಯಾದ ಅರ್ಥಿಂಗ್ ಇರೋ ಎರಡು ಹಂತದ್ದು ಒಂದೇ ಸಾಕು. ಅರ್ಥಿಂಗ್ ಒಂದು ಮಾಡೋಕೆ ಆಗ್ದೇ ಇರೋ ಜಾಗ ಆದ್ರೆ ಲೋಹ ಇಲ್ಲದ ಫೈಬರ್ ಎಳೆದು ಸೆನ್ಸರ್‌ಗೆ ಅಲ್ಲೇ ಸೋಲಾರ್ ಬ್ಯಾಟರಿ ಕೊಡಿ. ಕಂಬಕ್ಕೇ ನೇರ ಸಿಡಿಲು ಹೊಡೆದ್ರೆ ಮೇಲಿನ ಸೆನ್ಸರ್ ಉಳಿಯುತ್ತೆ ಅಂತ ಇದರಲ್ಲಿ ಯಾವುದನ್ನೂ ನಂಬ್ಕೋಬೇಡಿ.

ಮಳೆ ಆದ್ಮೇಲೆ ರೀಡಿಂಗ್ ನಿಂತಿದ್ರೆ ಹಿಂಗೆ ನೋಡಿ. ಸಪ್ಲೈ ಆಫ್ ಮಾಡಿ, ಕಂಟ್ರೋಲರ್ ಟರ್ಮಿನಲ್ಲಲ್ಲಿ ಎ ಮತ್ತು ಬಿ ಮಧ್ಯೆ ಮೀಟರ್ ಹಿಡೀರಿ, ಎರಡೂ ತುದಿಯಲ್ಲಿ 120 ಓಂ ಟರ್ಮಿನೇಶನ್ ರೆಸಿಸ್ಟರ್ ಇದ್ರೆ 60–70 ಓಂ ಬರಬೇಕು, 120 ಬಂದ್ರೆ ಎಲ್ಲೋ ರೆಸಿಸ್ಟರ್ ಅಥವಾ ತಂತಿ ಓಪನ್ ಆಗಿದೆ. ಆಮೇಲೆ ಎ ಇಂದ ಸಿಗ್ನಲ್ ಗ್ರೌಂಡ್‌ಗೆ, ಬಿ ಇಂದ ಗ್ರೌಂಡ್‌ಗೆ. ಒಂದು ಓಂ ಒಳಗೆ ಬಂದ್ರೆ ಈ ತುದಿಯ ಟಿವಿಎಸ್ ಅಥವಾ ಚಿಪ್ ಶಾರ್ಟ್. ನನ್ನ ಲೈನಲ್ಲಿ 30 ಓಂ ಆಸುಪಾಸು ಬಂದ್ರೆ ಕಂಬದ ತುದಿಯದು ಶಾರ್ಟ್ ಅಂತ ಲೆಕ್ಕ, ಎರಡು ಬೋರ್ಡಿನ ರೆಸಿಸ್ಟರ್ 20, ಹೋಗಿ ಬರೋ ತಂತಿದು 10. ಏಣಿ ಹೊತ್ಕೊಂಡು ಹೋಗೋ ಮುಂಚೆನೇ ಯಾವ ಬೋರ್ಡ್ ಜೇಬಿಗೆ ಹಾಕ್ಕೋಬೇಕು ಅಂತ ಗೊತ್ತಾಗುತ್ತೆ.